ಬೀಗದ ಮುಂದೆ ಆಡಿದ ತಮಾಷೆಗಳು

ನಾನು ತಮಾಷೆಗೆ ಅಂದದ್ದು ಜಗಳವಾಗುವುದು, ಜಗಳಕ್ಕೆಂದೇ ಅಂದದ್ದು ತಮಾಷೆಯಾಗುವುದು, ಇದು ನನಗೆ ವಾರಕ್ಕೆ ಎರಡು ಸಲವಾದರೂ ಆಗುತ್ತದೆ. ಜನರಿಗೆ ಬುದ್ಧಿಯಿಲ್ಲ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಜನ ಮಾತು ಕೇಳುವುದು ಕಿವಿಯಿಂದಷ್ಟೇ ಅಲ್ಲ, ಹೊಟ್ಟೆಯಿಂದಲೂ.

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ. ಓದಿದ್ದು ಏಳನೇ ಕ್ಲಾಸು. ಕಾನೂನು ಕಲಿತದ್ದು ರದ್ದಿ ಅಂಗಡಿಯ ಪುಸ್ತಕಗಳಿಂದ, ಮಾತು ಕಲಿತದ್ದು ಬೀದಿಯಲ್ಲಿ. ಅನ್ಯಾಯ ಕಂಡರೆ ಸುಮ್ಮನಿರಲಾರೆ, ಸುಮ್ಮನಿರುವವರನ್ನು ಕಂಡರೂ ಸುಮ್ಮನಿರಲಾರೆ.

ನಮ್ಮ ಸೊಪ್ಪಿನ ಮಾರ್ಕೆಟ್ಟಿನಲ್ಲಿ ಒಂದು ಶೌಚಾಲಯ ಕಟ್ಟಿದ್ದರು. ಟೈಲ್ಸ್ ಹಾಕಿದ್ದರು, ನೀರು ಬಿಟ್ಟಿದ್ದರು, ಒಂದು ಕಡೆ ಗಂಡಿನ ಚಿತ್ರ, ಒಂದು ಕಡೆ ಹೆಣ್ಣಿನ ಚಿತ್ರ ಬರೆಸಿದ್ದರು. ಎರಡಕ್ಕೂ ಸೇರಿ ಹೊರಗೆ ಒಂದೇ ಕಬ್ಬಿಣದ ಗೇಟು. ಗೇಟಿಗೆ ಬೀಗ. ದೊಡ್ಡವರೊಬ್ಬರು ಬಂದು ರಿಬ್ಬನ್ ಕತ್ತರಿಸುವವರೆಗೆ ತೆಗೆಯುವಂತಿಲ್ಲ. ಎಂಟು ತಿಂಗಳಾದರೂ ಆ ದೊಡ್ಡವರಿಗೆ ಬಿಡುವಾಗಿರಲಿಲ್ಲ. ಗಂಡಸರು ಹಿಂದಿನ ಗೋಡೆಗೆ ಹೋಗುತ್ತಿದ್ದರು. ಹೆಂಗಸರು ಬೆಳಗಿನ ಐದಕ್ಕೆ ಬಂದು ಮಧ್ಯಾಹ್ನ ಎರಡರವರೆಗೆ ತಡೆದುಕೊಂಡು ಕೂರುತ್ತಿದ್ದರು. ಆ ಬೀಗ ತೆಗೆಸುವುದೇ ನಮ್ಮ ಹೋರಾಟ.

ಪಿಂಚಣಿ

ಮೊದಲು ಕಚೇರಿಗೆ ಹೋದೆ. ಮಧ್ಯಾಹ್ನ ಮೂರಾಗಿತ್ತು. ನಾನು ಉಂಡು ಹೋಗಿದ್ದೆ. ಹೊಟ್ಟೆ ತುಂಬಿದವನಿಗೆ ತನ್ನ ಮಾತು ತನಗೇ ರುಚಿ. ಮಾರ್ಕೆಟ್ ನೋಡಿಕೊಳ್ಳುವ ಸಾಹೇಬರು ಫೋನು ಕೆಳಗಿಟ್ಟು ತಲೆ ಹಿಡಿದುಕೊಂಡು ಕೂತಿದ್ದರು. ನಗಿಸಿ ಕೆಲಸ ಮಾಡಿಸೋಣವೆಂದು ಕೇಳಿದೆ:

"ಸಾಹೇಬ್ರೆ, ಆ ಬೀಗ ಎಂಟು ತಿಂಗಳಿಂದ ಡ್ಯೂಟಿ ಮಾಡ್ತೈತೆ. ಅದಕ್ಕೂ ಪಿಂಚಣಿ ಕೊಡ್ತೀರೇನ್ರಿ?"

ಪಕ್ಕದ ಟೇಬಲ್ಲಿನವರು ಕಿಸಕ್ಕನೆ ನಕ್ಕರು. ಅದೇ ಕೆಟ್ಟದ್ದಾಯಿತು. ಸಾಹೇಬರು ಎದ್ದು ನಿಂತರು. "ಯಾರಿಗ್ರೀ ಅಂತಿದ್ದೀರಿ? ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಕೇಸ್ ಹಾಕಿಸ್ತೀನಿ! ಹೊರಗೆ ನಡೀರಿ!"

ಹೊರಗೆ ಜವಾನ ನನ್ನನ್ನು ಕಂಬದ ಮರೆಗೆ ಎಳೆದ. "ಅಲ್ಲಣ್ಣಾರೆ, ಸಾಹೇಬ್ರು ಮುಂದಿನ ತಿಂಗಳು ರಿಟೈರ್ ಆಗ್ತಾರ. ಪಿಂಚಣಿ ಫೈಲು ಮೇಲಿನ ಆಫೀಸಿನಾಗ ಸಿಕ್ಕಾಕ್ಕೊಂಡೈತೆ. ಬೆಳಗ್ಗೆಯಿಂದ ಅದಕ್ಕೇ ಫೋನ್ ಮಾಡಿ ಬೈಸ್ಕೊಂಡಾರ, ಊಟದ ಡಬ್ಬಿನೂ ಬಿಚ್ಚಿಲ್ಲ. ಹೋಗಿ ಹೋಗಿ ಪಿಂಚಣಿ ಅಂದ್ರಲ್ಲ! ನಿಮಗೆ ಬ್ಯಾರೆ ಜೋಕು ಸಿಗಲಿಲ್ವಾ?"

ಬೇರೆಯೂ ಒಂದಿತ್ತು. ಅದು ಊಟದ ಡಬ್ಬಿಯ ಮೇಲಿತ್ತು. ಬಾಯಿ ಮುಚ್ಚಿಕೊಂಡು ಮೆಟ್ಟಿಲು ಇಳಿದೆ.

ಹರಿಹರದಲ್ಲಿ ಹಾಳಾದ ಬೈಗುಳ

ಆ ಬೀಗದ ಕೀಲಿ ಶೌಚಾಲಯ ಕಟ್ಟಿಸಿದ ಕಂಟ್ರಾಕ್ಟರ್ ಹತ್ತಿರ ಇದೆ ಎಂದು ಯಾರೋ ಹೇಳಿದರು. ಆತನ ಮನೆ ಹರಿಹರದಲ್ಲಿ. ಈ ಸಲ ತಮಾಷೆ ಬೇಡ, ನೇರವಾಗಿ ಮರ್ಯಾದೆ ತೆಗೆಯಬೇಕು ಎಂದು ನಿರ್ಧರಿಸಿದೆ. ಬಸ್ಸಿನಲ್ಲಿ ಹರಿಹರ ಮುಟ್ಟುವವರೆಗೆ ಒಂದೇ ಬೈಗುಳವನ್ನು ಮಸೆದೆ. ಬಾಗಿಲಲ್ಲೇ ನಿಂತು ಬಿಟ್ಟೆ:

"ಏನ್ರೀ, ನಿಮ್ಮ ಮುಖಕ್ಕೂ ನೀವು ಕಟ್ಟಿಸಿದ ಪಾಯಖಾನೆಗೂ ವ್ಯತ್ಯಾಸವೇ ಇಲ್ಲ. ಹೊರಗೆ ನೋಡಿದ್ರೆ ಟೈಲ್ಸು, ಊರಿಗೆ ಮಾತ್ರ ಮೂರು ಕಾಸಿನ ಉಪಯೋಗ ಇಲ್ಲ!"

ಆತ ಒಂದು ಕ್ಷಣ ನನ್ನನ್ನೇ ನೋಡಿದ. ನಾನು ಚಪ್ಪಲಿ ಗಟ್ಟಿಯಾಗಿ ಮೆಟ್ಟಿಕೊಂಡೆ. ಆತ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಲೇ, ಬರ್ರೇ ಇಲ್ಲಿ! ಇವರು ಏನಂದ್ರು ಕೇಳ್ರಿ! ನನ್ನ ಮುಖ ಪಾಯಖಾನೆ ಥರ ಐತಂತೆ!" ಒಳಗಿಂದ ಹೆಂಡತಿ, ತಂಗಿ, ಬೀಗರು ಎಲ್ಲ ಬಂದರು. ಎಲ್ಲರೂ ನಕ್ಕರು. ಆತ ನನ್ನ ಹೆಗಲ ಮೇಲೆ ಕೈ ಹಾಕಿದ. "ಬೆಳಗ್ಗೆ ಮಗಳಿಗೆ ಹೆರಿಗೆ ಆಯ್ತ್ರಿ. ಎರಡು ದಿನ ಜೀವ ಕೈಯಾಗ ಹಿಡ್ಕಂಡು ಕುಂತಿದ್ವಿ. ತಾಯಿ ಮಗು ಇಬ್ಬರೂ ಆರಾಮ. ಇವತ್ತು ನನಗೆ ಯಾರು ಏನಂದ್ರೂ ಹೂವು ಬಿದ್ದಂಗೆ ಐತೆ. ಇನ್ನೊಂದು ಸಲ ಅನ್ರಿ!"

ಇನ್ನೊಂದು ಸಲ ಅನ್ನಲು ನನ್ನ ಬಾಯಲ್ಲಿ ಜಾಗವಿರಲಿಲ್ಲ. ಪೇಡೆ ತುರುಕಿದ್ದ. ಕೀಲಿ ತಿಂಗಳ ಹಿಂದೆಯೇ ಸಾಹೇಬರ ಕೈ ಸೇರಿದೆ ಎಂದೂ ತಾನಾಗಿಯೇ ಹೇಳಿದ. ಬಸ್ ಹತ್ತಿಸಲು ಬಂದವನು ಕಿಟಕಿಯ ಹೊರಗೆ ನಿಂತು ಕೂಗಿದ: "ನಾಮಕರಣಕ್ಕೆ ಬರಲೇಬೇಕು ನೀವು. ಬಂದವರಿಗೆಲ್ಲ ಸ್ವಲ್ಪ ಬೈಬೇಕು!"

ಎರಡನೇ ದಿನದ ಹೊಟ್ಟೆ

ಕೊನೆಗೆ ಆ ಗೇಟಿನ ಮುಂದೆಯೇ ಸರದಿ ಉಪವಾಸ ಹೂಡಿದೆವು. ಒಬ್ಬೊಬ್ಬರಿಗೆ ಎರಡು ದಿನ. ಮೊದಲ ಸರದಿ ನನ್ನದು.

ಮಾರ್ಕೆಟ್ಟಿನ ಎದುರಿಗೆ ವೆಲ್ಡಿಂಗ್ ಅಂಗಡಿಯ ಭಾಯಿ ಇದ್ದಾರೆ. ಹತ್ತು ವರ್ಷದಿಂದ ದಿನವೂ ನನ್ನ ಕಾಲೆಳೆಯುವವರು, ದಿನವೂ ನಾನು ನಗುವವನು. ಉಪವಾಸದ ಮೊದಲ ಬೆಳಿಗ್ಗೆ ಬಂದು, "ಏನ್ ಲೀಡರ್, ಹೊಟ್ಟೆ ಕರಗಿಸೋಕೆ ಜಿಮ್‌ಗೆ ಹೋಗೋದು ಬಿಟ್ಟು ಇಲ್ಲಿ ಕೂತೀರಿ?" ಎಂದರು. ನಾನು ಬಿದ್ದು ಬಿದ್ದು ನಕ್ಕೆ. ಅದು ಸಾಲದೆಂದು ಪಕ್ಕದವರಿಗೂ ಹೇಳಿ ನಗಿಸಿದೆ.

ಎರಡನೇ ದಿನ ಮಧ್ಯಾಹ್ನ. ತಲೆ ಧಿಮ್ಮೆನ್ನುತ್ತಿತ್ತು. ಕಚೇರಿಯಿಂದ ಒಂದು ನರಪಿಳ್ಳೆಯೂ ಇತ್ತ ಸುಳಿದಿರಲಿಲ್ಲ. ಭಾಯಿ ಬಂದು ಅದೇ ನಗುಮುಖದಿಂದ ಅಂದರು: "ಏನ್ ಲೀಡರ್, ಇನ್ನೂ ಕರಗಿಲ್ಲವಲ್ಲ ಹೊಟ್ಟೆ?"

ನನಗೆ ನಗು ಕಾಣಲಿಲ್ಲ, ಹಲ್ಲು ಮಾತ್ರ ಕಂಡಿತು. ನಾನು ಕದ್ದು ತಿಂದಿದ್ದೇನೆ ಎಂದು ನಾಲ್ಕು ಜನರ ಎದುರು ಹೇಳುತ್ತಿದ್ದಾರೆ ಅನ್ನಿಸಿತು. ಎದ್ದೆ. "ಕಚೇರಿಯವರು ಕಳಿಸಿದ್ರೇನು ನಿಮ್ಮನ್ನ? ಏಜೆಂಟ್ ಕೆಲಸ ಯಾವಾಗಿಂದ?" ಎಂದು ಮೈಕಿನಲ್ಲೇ ಕೂಗಿದೆ. ಭಾಯಿಯ ಮುಖ ಕಪ್ಪಾಯಿತು. ತಿರುಗಿ ತಮ್ಮ ಅಂಗಡಿಗೆ ಹೋಗಿಬಿಟ್ಟರು.

ಆನಗೋಡಿನಿಂದ ಬಂದು ಸೊಪ್ಪು ಮಾರುವ ಅಕ್ಕ ಅಲ್ಲಿಯೇ ಕೂತಿದ್ದಳು. ಮೈಕಿನ ಸ್ವಿಚ್ಚು ಆರಿಸಿ ಹೇಳಿದಳು. "ಅಣ್ಣ, ನಿನ್ನೆನೂ ಅವರು ಇದನ್ನೇ ಅಂದ್ರು. ನೀನು ಉಳ್ಳಾಡಿ ನಕ್ಕಿ. ಮಾತು ಅದೇ ಐತೆ, ಅಂದೋರೂ ಅವರೇ ಅದಾರ. ಬದಲಾಗಿದ್ದು ನಿನ್ನ ಹೊಟ್ಟೆ."

"ಅವಮಾನ ಮಾಡಿದ್ರೆ ಸುಮ್ಕಿರ್ಬೇಕೇನಕ್ಕ?"

"ಹೊಟ್ಟಿಯೊಳಗಿನ ಸಂಕಟ ಎದುರಿಗೆ ಯಾರು ಸಿಗ್ತಾರೋ ಅವರ ಮ್ಯಾಲೆ ಬೀಳ್ತೈತೆ. ಇವರೇ ಸಂಕಟ ಕೊಟ್ಟೋರು ಅನ್ನಿಸ್ತೈತೆ. ನಮಗೆ ದಿನಾ ಇದೇ ಬಾಳು. ಬೆಳಗ್ಗೆ ಆರಕ್ಕೆ ಒಬ್ಬ ಗಿರಾಕಿ, ಯಾಕಕ್ಕ ನಿನ್ನ ಸೊಪ್ಪು ನಿನ್ನಂಗೇ ಬಾಡೈತಲ್ಲ ಅಂದ. ನಿನ್ನ ಹೆಂಡ್ರ ಮುಂದೆ ಅಂದು ನೋಡು ಅಂದೆ, ಇಬ್ರೂ ನಕ್ವಿ. ಮಧ್ಯಾಹ್ನ ಒಂದಕ್ಕೆ ಇನ್ನೊಬ್ಬ ಅದನ್ನೇ ಅಂದ. ಅಷ್ಟೊತ್ತಿಗೆ ನೀರು ಕುಡಿದಿಲ್ಲ, ಕುಡಿದ್ರೆ ಹೋಗಾಕೆ ಜಾಗ ಇಲ್ಲ. ಹೊಟ್ಟೆ ಕಲ್ಲಾಗೈತೆ, ತಲೆ ಸಿಡೀತೈತೆ. ಪಾಲಕ್ ಕಟ್ಟು ತಗಂಡು ಮುಖಕ್ಕೆ ಎಸೆದೆ. ಮಾರ್ಕೆಟ್ ಹೆಂಗಸರಿಗೆ ಬಾಯಿ ಜೋರು ಅಂತಾರ. ಬಾಯಿ ಜೋರಲ್ಲಣ್ಣ, ಬೀಗ ಜೋರು."

ಎರಡು ದಿನದ ಹಸಿವಿಗೆ ನಾನು ಹತ್ತು ವರ್ಷದ ಗೆಳೆಯನನ್ನು ಕಳೆದುಕೊಂಡಿದ್ದೆ. ಇವರು ದಿನದಿನವೂ ಆ ಸ್ಥಿತಿಯಲ್ಲಿ ಕೂತು ಮೇಲಿಂದ ಜಗಳಗಂಟಿಯರೆಂಬ ಹೆಸರನ್ನೂ ಹೊತ್ತಿದ್ದರು. ನನ್ನ ಭಾಷಣಗಳಲ್ಲಿ ಒಂದೂ ಅಕ್ಕನ ಮಾತಿನಷ್ಟು ಸರಿಯಾಗಿರಲಿಲ್ಲ.

ಸರದಿ ಮುಗಿದ ಮರುದಿನ ಭಾಯಿಯ ಅಂಗಡಿಗೆ ಹೋದೆ. "ಭಾಯಿ, ತಪ್ಪಾಯ್ತು" ಎಂದೆ. ಅವರು ವೆಲ್ಡಿಂಗ್ ಕನ್ನಡಕ ಕಣ್ಣಿಗೆ ಏರಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

"ಮೊದಲು ಹೇಳ್ರಿ ಲೀಡರ್, ನಾಷ್ಟಾ ಆಗೈತೋ ಇಲ್ವೋ?"

ಮೂರು ಲೋಟ ಚಹಾ

ಉಪವಾಸದ ಆರನೇ ದಿನಕ್ಕೆ ಉದ್ಘಾಟನೆಯ ದಿನ ಗೊತ್ತಾಯಿತು. ಎರಡು ಸಲ ಮುಂದಕ್ಕೂ ಹೋಯಿತು. ಮೂರನೇ ಸಲ ಬೆಳಿಗ್ಗೆ ಒಂಬತ್ತಕ್ಕೇ ಸಾಹೇಬರು ಬಂದು ಗೇಟಿಗೆ ಕೆಂಪು ರಿಬ್ಬನ್ ಕಟ್ಟಿಸಿದರು. ಕೀಲಿ ಅವರ ಜೇಬಿನಲ್ಲಿ. ಅತಿಥಿ ಹರಿಹರದ ಕಾರ್ಯಕ್ರಮ ಮುಗಿಸಿ ಬರುತ್ತಾರೆ ಎಂದರು. ಹತ್ತಾಯಿತು, ಹನ್ನೊಂದಾಯಿತು. ಸಾಹೇಬರು ಒಂದು ಚಹಾ ಕುಡಿದರು, ಎರಡು ಕುಡಿದರು. ಬಿಸಿಲೇರಿತೆಂದು ಎಳನೀರು. ಹನ್ನೆರಡಕ್ಕೆ ಮತ್ತೊಂದು ಚಹಾ. ಹೆಂಗಸರೆಲ್ಲ ಗೇಟನ್ನೇ ನೋಡುತ್ತಿದ್ದರು. ಅತಿಥಿ ಬರದಿದ್ದರೆ ಮತ್ತೆ ಮುಂದಿನ ವಾರ.

ಹನ್ನೆರಡೂವರೆಗೆ ಸಾಹೇಬರು ಕುರ್ಚಿ ಬಿಟ್ಟೆದ್ದರು. ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ. ಒಂದು ಕಾಲು ಇನ್ನೊಂದಕ್ಕೆ ಅಡ್ಡ. ಹಿಂದಿನ ಗೋಡೆಯ ಕಡೆ ಆಸೆಯಿಂದ ನೋಡಿದರು. ಅಲ್ಲಿ ಅವರದೇ ಕಚೇರಿಯ ಬೋರ್ಡು: ಇಲ್ಲಿ ಮೂತ್ರ ಮಾಡಿದವರಿಗೆ ದಂಡ. ಸಾಲದ್ದಕ್ಕೆ ಹುಡುಗರೆಲ್ಲ ಕೈಯಲ್ಲಿ ಮೊಬೈಲ್ ಹಿಡಿದು ನಿಂತಿದ್ದರು.

ಜವಾನ ಪಾಪ, ಮಾತಿಗೆಂದು, "ಸಾರ್, ಇನ್ನೊಂದು ಎಳನೀರು ಹೇಳ್ಲಾ?" ಎಂದ. "ತಮಾಷೆ ಮಾಡ್ತೀಯಾ? ಸಸ್ಪೆಂಡ್ ಮಾಡ್ತೀನಿ ನಿನ್ನ!" ಎಂದು ಸಾಹೇಬರು ಕಿರುಚಿದರು.

ನನ್ನ ನಾಲಿಗೆಯ ಮೇಲೆ ಹತ್ತು ಮಾತು ಕುಣಿಯುತ್ತಿದ್ದವು. ಒಂದಕ್ಕಿಂತ ಒಂದು ಚೆಂದ. ಆದರೆ ಆ ಮುಖ ನೋಡಿದೆ. ಈಗ ಒಂದು ಬಿಟ್ಟರೂ ಕೀಲಿ ಜೇಬಿನಲ್ಲೇ ಕಚೇರಿಗೆ ಹೋಗುತ್ತದೆ. ಜೀವನದಲ್ಲಿ ಮೊದಲ ಸಲ ಹತ್ತನ್ನೂ ನುಂಗಿದೆ.

ಸೊಪ್ಪಿನಕ್ಕ ಎದ್ದಳು. ನಗಲಿಲ್ಲ, ಕಣ್ಣು ಹೊಡೆಯಲಿಲ್ಲ. ಹತ್ತಿರ ಹೋಗಿ ಸಣ್ಣ ದನಿಯಲ್ಲಿ ಹೇಳಿದಳು. "ಸಾಹೇಬ್ರೆ, ಈ ಸಂಕಟ ನಮಗೆ ಗೊತ್ತೈತೆ. ಕೀಲಿ ನಿಮ್ಮ ಹತ್ರಾನೇ ಐತೆ. ಹೋಗಿ ಬರ್ರಿ. ನಾವು ಅಡ್ಡ ನಿಲ್ತೀವಿ, ಯಾರೂ ಫೋಟೊ ತೆಗೆಯಂಗಿಲ್ಲ."

ನಲವತ್ತು ಹೆಂಗಸರು ಹುಡುಗರ ಕಡೆ ಮುಖ ಮಾಡಿ ಗೋಡೆಯಂತೆ ನಿಂತರು. ಸಾಹೇಬರು ಅಕ್ಕನ ಮುಖ ನೋಡಿದರು, ಗೇಟು ನೋಡಿದರು. ಹಿಂದೆ ಬೀಗ ಕಳಚಿದ ಸದ್ದಾಯಿತು. ರಿಬ್ಬನ್ ಹರಿದ ಸದ್ದೂ ಆಯಿತು.

ಹೊರಗೆ ಬಂದ ಸಾಹೇಬರು ಬೇರೆಯೇ ಮನುಷ್ಯ. ಹಣೆಯ ಗಂಟು ಸಡಿಲಾಗಿತ್ತು, ಭುಜ ಇಳಿದಿತ್ತು, ಕುತ್ತಿಗೆಗೆ ರಿಬ್ಬನ್ನಿನ ತುಂಡೊಂದು ಹಾರದ ಹಾಗೆ ಸುತ್ತಿಕೊಂಡಿತ್ತು. ಆಗ ಅಕ್ಕ ಕೈಮುಗಿದು, ಇಡೀ ಮಾರ್ಕೆಟ್ಟಿಗೆ ಕೇಳುವಂತೆ ಕೇಳಿದಳು:

"ಉದ್ಘಾಟನೆ ಚೆನ್ನಾಗಿ ಆಯ್ತೇನ್ರಿ ಸಾಹೇಬ್ರೆ?"

ಐದು ನಿಮಿಷದ ಹಿಂದೆ ಇದೇ ಮಾತಿಗೆ ಕೇಸಾಗುತ್ತಿತ್ತು. ಸಾಹೇಬರು ಕುತ್ತಿಗೆಯ ರಿಬ್ಬನ್ ಮುಟ್ಟಿ ನೋಡಿಕೊಂಡರು. ಅವರ ಹೊಟ್ಟೆ ಕುಣಿಯತೊಡಗಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ಕಣ್ಣು ಒರೆಸಿಕೊಂಡು ಬೀಗ, ಕೀಲಿ ಎರಡನ್ನೂ ಅಕ್ಕನ ಸೊಪ್ಪಿನ ಬುಟ್ಟಿಗೆ ಹಾಕಿದರು. "ತಗೊಳ್ಳಮ್ಮ. ಇನ್ಮೇಲೆ ಇದನ್ನ ಹಾಕೋರು ನನ್ನನ್ನ ಕೇಳಲಿ."

ನಾನು ಬರೆದಿಟ್ಟುಕೊಂಡಿದ್ದ ವಿಜಯ ಭಾಷಣ ತೆಗೆದೆ. ಕೇಳಲು ಒಬ್ಬರೂ ಉಳಿದಿರಲಿಲ್ಲ. ಎಲ್ಲರೂ ಸಾಲಿನಲ್ಲಿದ್ದರು. ಒಳಗೆ ಹೋಗಿ ಬಂದವರು ಬಿಂದಿಗೆಯ ನೀರು ಗಟಗಟ ಕುಡಿಯುತ್ತಿದ್ದರು.

ಒಂದೂವರೆಗೆ ಅತಿಥಿಯ ಕಾರು ಬಂತು. ಹಿಂಬಾಲಕ ತಟ್ಟೆಯಲ್ಲಿ ಕತ್ತರಿ ಹಿಡಿದು ಇಳಿದ. ದೊಡ್ಡವರು ಗೇಟಿನ ಕಡೆ ನುಗ್ಗಿದರು. ಸಾಲಿನ ಕೊನೆಯಲ್ಲಿದ್ದ ಮುದುಕಿ ಸೊಂಟದ ಮೇಲೆ ಕೈಯಿಟ್ಟು ಅಡ್ಡ ನಿಂತಳು:

"ಏ ಯಪ್ಪಾ, ಎಷ್ಟೇ ಅವಸರ ಇದ್ರೂ ಪಾಳಿ ಪ್ರಕಾರ ಬರ್ಬೇಕು. ಗಂಡಸರದ್ದು ಆ ಕಡೆ!"