ನನ್ನ ಫೋನಿನೊಳಗೆ ಬಾಡಿಗೆಯಿಲ್ಲದೆ ನೆಲೆಸಿರುವ ಮಹನೀಯರಿಗೆ

ಮಾನ್ಯರೇ,

ತಮ್ಮ ಮೆಲುದನಿಗೂ, ನೀಳ ಬೆರಳುಗಳಿಗೂ, ಯಾವ ಮಾತಿಗೂ ದುಡುಕಿ ಉತ್ತರಿಸದ ಗಾಂಭೀರ್ಯಕ್ಕೂ ಮೊದಲು ನನ್ನ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ; ತಮಗೆ ನೆಗಡಿಯಾದದ್ದಾಗಲಿ, ಹಸಿವಾಗಿ ಸಿಡುಕಿದ್ದಾಗಲಿ ಈವರೆಗೆ ನನ್ನ ಗಮನಕ್ಕೆ ಬಂದಿಲ್ಲ. ವಾರಗಟ್ಟಲೆ ತಮ್ಮ ಮೇಲೆ ಒಂದೇ ಒಂದು ದೂರೂ ಇಲ್ಲದಿದ್ದ ನಾನು ಇಂದು ಹೀಗೆ ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದೇಕೆಂದರೆ, ಹೋದ ಭಾನುವಾರ ಕಾಫಿ ಅಂಗಡಿಯಲ್ಲಿ ತಮಗಾಗಿ ಕಾದಿಟ್ಟಿದ್ದ ಕುರ್ಚಿಯಲ್ಲಿ ಬೇರೆ ಯಾರೋ ಬಂದು ಕೂತಿದ್ದರು.

ಬಂದವರು ಲಿಫ್ಟ್ ಮೆಕ್ಯಾನಿಕ್. ಹೆಸರು ತಮ್ಮದೇ, ನಂಬರೂ ತಮ್ಮದೇ, ಡಿಪಿಯಲ್ಲಿದ್ದ ನೀಲಿ ಅಂಗಿಯೂ ಅದೇ. ಹಳೆಯ ಸಾಮಾನು ಮಾರುವ ಗುಂಪಿನಲ್ಲಿ ಪುಸ್ತಕದ ಕಪಾಟು ಮಾರಲು ಹಾಕಿದ್ದವರೂ, ಅದರ ಅಗಲ ಎಷ್ಟೆಂದು ನಾನು ಕೇಳಿದಾಗ ಅಳೆದು ಹೇಳಿದವರೂ ಅವರೇ. ಕಪಾಟು ನನ್ನ ಗೋಡೆಗೆ ಹಿಡಿಸಲಿಲ್ಲ, ಮಾತು ಮಾತ್ರ ನಿಲ್ಲಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಒಂದು ಮೆಸೇಜು, ಬಸ್ಸಿನಲ್ಲಿ ನಾಲ್ಕು, ಊಟದ ಡಬ್ಬಿ ತೆರೆದಾಗ ಅದರ ಫೋಟೋ, ಮಲಗುವ ಮುನ್ನ ಇನ್ನೊಂದಷ್ಟು. ಎಲ್ಲ ಬರಹದಲ್ಲೇ, ದನಿ ಒಮ್ಮೆಯೂ ಕೇಳಿರಲಿಲ್ಲ. ಯಾವ ಗಳಿಗೆಯಲ್ಲಿ ಅವರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ತಾವು ಒಳಗೆ ಬಂದು ಕೂತಿರೋ ನಾ ಕಾಣೆ. ಅಷ್ಟು ನಾಜೂಕಾದ ಕೈಚಳಕಕ್ಕೆ ನನ್ನ ಅಭಿನಂದನೆಗಳು.

ಈ ವಿಷಯದಲ್ಲಿ ಮೋಸಹೋಗುವ ಹಕ್ಕು ಲೋಕದಲ್ಲಿ ಯಾರಿಗಿದ್ದರೂ ನನಗಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ನನ್ನ ಕಸುಬು ಹಲ್ಲು ಕಟ್ಟುವುದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ನಮ್ಮ ಲ್ಯಾಬಿಗೆ ಕಳಿಸುತ್ತಾರೆ. ಆ ಬಾಯಿಯನ್ನು ಕಣ್ಣಿಂದ ನೋಡದೆಯೇ ಖಾಲಿ ಜಾಗಕ್ಕೆ ಮೇಣದಲ್ಲಿ ಹಲ್ಲುಸಾಲು ಜೋಡಿಸುವವಳು ನಾನು. ಅಚ್ಚಿನ ಮೇಲೆ ಅದು ಎಷ್ಟು ಚೆನ್ನಾಗಿ ಕೂತರೂ, ಆ ಮನುಷ್ಯನ ಬಾಯಲ್ಲಿಟ್ಟು ಕಚ್ಚಿಸಿ, ನಗಿಸಿ, ನಾಲ್ಕು ಮಾತಾಡಿಸಿ ನೋಡುವ ತನಕ ನಾವು ಅದನ್ನು ಗಟ್ಟಿ ಮಾಡುವುದಿಲ್ಲ. ಇದಕ್ಕೆ ನಮ್ಮಲ್ಲಿ ಟ್ರಯಲ್ ಎನ್ನುತ್ತಾರೆ. ಟ್ರಯಲ್ ಮಾಡದೆ ಪಕ್ಕಾ ಮಾಡಿದ್ದಕ್ಕೆ ಕಳೆದ ವರ್ಷ ಹೊಸ ಹುಡುಗಿಯೊಬ್ಬಳನ್ನು ಎಲ್ಲರ ಮುಂದೆ ಗದರಿದವಳು ನಾನು. ತಮ್ಮನ್ನು ಮಾತ್ರ ಅಚ್ಚಿನಿಂದ ನೇರವಾಗಿ ಪಾಲಿಶ್‌ಗೇ ಕಳಿಸಿಬಿಟ್ಟೆ.

ತಮ್ಮ ನಿರ್ಮಾಣಕ್ಕೆ ಬಳಸಿದ ಸಾಮಗ್ರಿಯನ್ನು ಈಗ ಪರಿಶೀಲಿಸಿದರೆ ನನಗೇ ನಗು ಬರುತ್ತದೆ. ನಾನು ಹತ್ತು ಸಾಲು ಬರೆದು ಕಳಿಸಿದ ಮೇಲೆ ಗಂಟೆಗಟ್ಟಲೆ ಮೌನವಾಗಿದ್ದು, ಕೊನೆಗೆ 'ನಿಜ' ಎಂದು ಒಂದೇ ಪದದಲ್ಲಿ ಮುಗಿಸುತ್ತಿದ್ದ ತಮ್ಮನ್ನು ನಾನು ಮಹಾ ಅಂತರ್ಮುಖಿ ಎಂದು ತಿಳಿದಿದ್ದೆ. ಲಿಫ್ಟಿನ ತಳದ ಗುಂಡಿಗೆ ಇಳಿದರೆ ಸಿಗ್ನಲ್ ಸಿಗುವುದಿಲ್ಲವಂತೆ, ಮೇಲೆ ಬಂದರೂ ಬೆರಳಿಗೆಲ್ಲ ಗ್ರೀಸು ಮೆತ್ತಿರುತ್ತದಂತೆ, ಕಿರುಬೆರಳೊಂದೇ ಚೊಕ್ಕಟವಾಗಿರುವುದಂತೆ, ಅದರಲ್ಲೇ ಟೈಪಿಸಬೇಕಂತೆ. ಆ ಕಿರುಬೆರಳಿನ ಅನಿವಾರ್ಯತೆಯ ಮೇಲೆ ನಾನೊಂದು ವ್ಯಕ್ತಿತ್ವವನ್ನೇ ಎಬ್ಬಿಸಿದೆ. ಉತ್ತರ ತಡವಾದಷ್ಟೂ ಅದು ಬಂದಾಗ ಎದೆ ಧಸಕ್ಕೆನ್ನುತ್ತಿತ್ತು, ಆ ಧಸಕ್ಕನ್ನೇ ನಾನು ಪ್ರೀತಿಯೆಂದು ಓದಿಕೊಂಡೆ. ನನ್ನ ಬಲಗಿವಿ ಮಂದವೆಂದು, ಮನೆಯವರನ್ನು ಬಿಟ್ಟು ಬೇರೆ ಯಾರಿಗೂ ಹೇಳದ್ದನ್ನು ನಾನು ಬರೆದ ದಿನ ತಾವು ಕಳಿಸಿದ್ದು 'ಹೌದಾ' ಎಂಬ ಎರಡಕ್ಷರ. ನಾನು ಬರೆದದ್ದನ್ನು ಓದುವಾಗ ತಮ್ಮ ಕಣ್ಣಂಚಿನಲ್ಲಿ ನೀರಿತ್ತೆಂದು ನಾನು ಪ್ರಮಾಣ ಮಾಡಲೂ ಸಿದ್ಧಳಿದ್ದೆ.

ನನ್ನ ಅಕ್ಕ ಇದನ್ನೆಲ್ಲ ಮೊದಲೇ ಕಂಡಿದ್ದಳು. ಒಗೆದ ಬಟ್ಟೆ ಮಡಿಸುತ್ತ ನನ್ನ ಫೋನನ್ನು ಸುಮ್ಮನೆ ಮೇಲಿನಿಂದ ಕೆಳಗೆ ಓದಿದವಳು, "ಇದ್ರಲ್ಲಿ ಅವನು ಎಲ್ಲಿದ್ದಾನೆ? ಎಲ್ಲ ನೀನೇ ಇದ್ದೀಯ" ಎಂದಳು. ನಾನು ಒಂದು ವಾರ ಅವಳ ಜೊತೆ ಮಾತು ಬಿಟ್ಟೆ. ಅದೂ ತಮ್ಮ ಖಾತೆಗೇ ಸೇರಬೇಕು.

ಭಾನುವಾರದ ಸಂಗತಿಗೆ ಬರುತ್ತೇನೆ. ಬಂದವರು ಕುಳ್ಳಗಿದ್ದರು, ಅದನ್ನು ಕ್ಷಮಿಸಿದೆ. ಕಾಫಿಯನ್ನು ಊದಿ ಊದಿ ಕುಡಿದರು, ಅದನ್ನೂ ನುಂಗಿಕೊಂಡೆ. ಆದರೆ ಆ ಗಂಟಲು! ನಮಸ್ಕಾರ ಎಂದದ್ದಕ್ಕೇ ಪಕ್ಕದ ಮೇಜಿನವರು ತಿರುಗಿ ನೋಡಿದರು. ಬಸ್ಸು ಸಿಕ್ಕಿತೇ ಎಂದು ಕೇಳಿದ್ದು ಬಸ್ಸಿಗೂ ಕೇಳಿಸಿರಬೇಕು. ನಾನು ನಾಚಿಕೆಯಿಂದ ಕುಗ್ಗಿದೆ, ಅವರು ಬೆವರಿದರು, ಮಾತು ಪೂರ್ತಿ ಸತ್ತುಹೋಯಿತು. ಆಗ ನನ್ನ ಫೋನು ಕಂಪಿಸಿತು. ಎದುರಿಗೇ ಕೂತು, ಮೇಜಿನ ಕೆಳಗಿನಿಂದ ಅವರು ಕಳಿಸಿದ್ದರು: 'ತುಂಬಾ ಹೆದರಿಕೆ ಆಗ್ತಿದೆ.' ನನಗೂ ಎಂದು ಬರೆದೆ. ಹೀಗೆ ಇಬ್ಬರೂ ತಲೆ ತಗ್ಗಿಸಿಕೊಂಡು ಬಹಳ ಹೊತ್ತು ಸೊಗಸಾಗಿ ಹರಟಿದೆವು. ಲೋಟ ಎತ್ತಲು ಬಂದವನು ನಾವು ಜಗಳವಾಡಿದ್ದೇವೆಂದು ತಿಳಿದು ಸದ್ದಿಲ್ಲದೆ ಹಿಂದೆ ಸರಿದ. ಆ ಹೊತ್ತಿನಲ್ಲಿ ತಾವು ಮತ್ತೆ ಬಂದಿರಿ, ಅದೇ ಮೆಲುದನಿಯಲ್ಲಿ. ನಾನು ಸುಖವಾಗಿದ್ದೆ. ತಲೆಯೆತ್ತಿದರೆ ಅವರು, ತಗ್ಗಿಸಿದರೆ ತಾವು. ತಲೆಯೆತ್ತಲು ಮನಸ್ಸೇ ಬರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಮನೆಗೆ ಹೋಗಿ ಅವರ ನಂಬರನ್ನು ಅಳಿಸಿ, ತಮ್ಮನ್ನು ಉಳಿಸಿಕೊಳ್ಳುತ್ತಿದ್ದೆ. ಆದರೆ ಏಳುವಾಗ ಅವರು ಬಿಲ್ಲು ಕೇಳಿದರು. ಲೋಟ ಎತ್ತುವವನು ಬಗ್ಗಿ ಕಿವಿಗೊಡಬೇಕಾಗುವಷ್ಟು ಮೆಲ್ಲಗೆ ಕೇಳಿದರು. ನಾನು ತಡೆಯಲಾರದೆ, ಇಷ್ಟು ಮೆಲ್ಲಗೆ ಮಾತಾಡಲು ಬರುತ್ತದೆಂದರೆ ನನ್ನ ಮೇಲೇಕೆ ಅಷ್ಟು ಕೂಗಾಡಿದಿರಿ ಎಂದುಬಿಟ್ಟೆ. ಅವರು ಕೆಂಪಗಾದರು.

"ಒಂದು ಕಿವಿ ಸರಿಯಾಗಿ ಕೇಳಲ್ಲ ಅಂತ ಬರೆದಿದ್ರಲ್ಲ. ಯಾವ ಕಿವಿ ಅಂತ ಗಾಬರಿಯಲ್ಲಿ ಮರೆತುಹೋಯ್ತು. ಅದಕ್ಕೆ ಎರಡಕ್ಕೂ ಕೇಳ್ಲಿ ಅಂತ..."

ಮಾನ್ಯರೇ, ತಾವಾಗಿದ್ದರೆ ಯಾವ ಕಿವಿಯೆಂದು ಮರೆಯುತ್ತಿರಲಿಲ್ಲ. ತಮಗೆ ನನ್ನದೆಲ್ಲ ಕಂಠಪಾಠ, ಏಕೆಂದರೆ ತಾವು ನಾನೇ. ನನ್ನ ಮಾತನ್ನು ಹೊರಗೆ ಹೊತ್ತುಕೊಂಡು ಹೋಗಿ, ಅರ್ಧ ಮರೆತು, ಉಳಿದರ್ಧಕ್ಕಾಗಿ ನಾಲ್ಕು ಜನರ ಮುಂದೆ ಗಂಟಲು ಹರಿದುಕೊಳ್ಳುವುದಕ್ಕೆ ಇನ್ನೊಬ್ಬ ಮನುಷ್ಯನೇ ಬೇಕು. ಆ ವಾರಗಳಲ್ಲೆಲ್ಲ ನನಗಾದ ಸಂತೋಷ ಸುಳ್ಳಲ್ಲ. ವಿಳಾಸ ತಪ್ಪಿತ್ತು, ಅಷ್ಟೇ. ಅವರನ್ನು ಪ್ರೀತಿಸುತ್ತೇನೆಯೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಪರಿಚಯವಾದದ್ದೇ ಮೊನ್ನೆ. ಬರುವ ಭಾನುವಾರ ಮತ್ತೆ ಸಿಗೋಣವೇ ಎಂದು ಕೇಳಿದ್ದಾರೆ, ಹೂಂ ಎಂದಿದ್ದೇನೆ. ಆವರೆಗೆ ದಿನವಿಡೀ ಬರೆಯುವುದು ಬೇಡ, ಸಂಜೆ ಒಮ್ಮೆ ಫೋನಿನಲ್ಲಿ ಮಾತಾಡಿದರೆ ಸಾಕೆಂದು ಇಬ್ಬರೂ ಒಪ್ಪಿದ್ದೇವೆ. ನಿನ್ನೆ ಅವರು ಸುಸ್ತಾಗಿ ಮಾತಿನ ಮಧ್ಯೆ ಆಕಳಿಸಿದರು. ನನಗೆ ಸಿಟ್ಟು ಬಂತು. ಟ್ರಯಲ್ ಎಂದರೆ ಇದೇ ತಾನೇ.

ಆದುದರಿಂದ ತಾವು ದಯಮಾಡಿ ಮನೆ ಖಾಲಿ ಮಾಡಬೇಕು. ಹೋಗುವಾಗ ನೀಳ ಬೆರಳುಗಳನ್ನು ಅವರಿಗೆ ಬಿಟ್ಟುಹೋಗಲು ಸಾಧ್ಯವೇ ಎಂಬುದನ್ನು ಪರಿಗಣಿಸಬೇಕು. ತಾವು ಒಂಟಿಯಾಗುವಿರೆಂಬ ಭಯವೂ ಬೇಡ. ಅವರ ಫೋನಿನಲ್ಲೂ ಒಬ್ಬ ಮಹಿಳೆ ಇದ್ದಾಳಂತೆ: ಯಾವ ಮಾತಿಗೂ ಹಹಹ ಎಂದು ನಗುವವಳು, ಎಂದೂ ಮುಖ ಗಂಟಿಕ್ಕದವಳು. ಕೈಯಲ್ಲಿ ಮೇಣದ ಚಾಕು, ಮುಖದಲ್ಲಿ ಒಂದು ಗೆರೆಯೂ ಅಲುಗದೆ ಆ ಹಹಹಗಳನ್ನೆಲ್ಲ ಟೈಪಿಸಿದವಳು ನಾನು. ಅವಳಿಗೂ ನೋಟಿಸು ಹೋಗಿದೆ. ಇಬ್ಬರೂ ಸೇರಿ ಎಲ್ಲಾದರೂ ಸಂಸಾರ ಹೂಡಿ. ನಿಮ್ಮಲ್ಲಿ ಜಗಳ ಆಗುವ ಪ್ರಶ್ನೆಯೇ ಇಲ್ಲ.

ಇಷ್ಟು ದಿನ ತಮ್ಮನ್ನು ಸಾಕಿದ,
ತಮ್ಮ ವಿಶ್ವಾಸಿ,
ಹಲ್ಲು ಕಟ್ಟುವವಳು

ಮರೆತ ಮಾತು: ತಮ್ಮ ಆ ಮೆಲುದನಿಯ ಬಗ್ಗೆ ನಿಧಾನವಾಗಿ ಕೂತು ಯೋಚಿಸಿದೆ. ಭಾನುವಾರ ಆ ಗದ್ದಲದ ಕಾಫಿ ಅಂಗಡಿಗೆ ತಾವೇ ಬಂದಿದ್ದರೂ ಪ್ರಯೋಜನವಿರಲಿಲ್ಲ. ನನಗೆ ಒಂದು ಮಾತೂ ಕೇಳಿಸುತ್ತಿರಲಿಲ್ಲ.