ಮಾಮ ಬರೆದ ಎಂಟು ಸಾಲು

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಸೀನು. ಅಕ್ಕನ ಮಗಳು ಚಿನ್ನು ಆರು ತಿಂಗಳ ಕೂಸಾಗಿದ್ದಾಗ ಉತ್ತರಪ್ಪ ಅವಳನ್ನು ಮೊದಲ ಸಲ ಎತ್ತಿಕೊಂಡು, ಮುಖಕ್ಕೆ ಮುಖ ತಂದು, ಗೋಡೆಯ ಗಡಿಯಾರ ಅಲುಗುವ ಹಾಗೆ ಸೀನಿದ್ದ. ಅಂದಿನಿಂದ ಅವನ ಮೀಸೆ ಬಾಗಿಲಲ್ಲಿ ಕಂಡರೆ ಸಾಕು, ಮಗು ಕಿಟಾರನೆ ಕಿರುಚುತ್ತಿತ್ತು. ಈಗ ಅವಳಿಗೆ ಎರಡು ತುಂಬುತ್ತಿತ್ತು. ಹಾಲಿನವನನ್ನು, ಎದುರು ಮನೆಯ ನಾಯಿಯನ್ನು, ಕೆಟ್ಟುಹೋದ ಫ್ಯಾನನ್ನು ಕೂಡ ಹೆಸರಿಟ್ಟು ಕರೆಯುತ್ತಿದ್ದಳು. ಇದ್ದೊಬ್ಬ ಸೋದರಮಾವನನ್ನು ಮಾತ್ರ ಒಂದು ಸಲವೂ "ಮಾಮ" ಅಂದಿರಲಿಲ್ಲ. ಉತ್ತರಪ್ಪನಿಗೆ ಇದು ಒಳಗೊಳಗೇ ಕೊರೆಯುತ್ತಿತ್ತು.

ಹುಟ್ಟುಹಬ್ಬದ ದಿನ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು.

"ನೋಡೋ, ಈ ಸಲ ಉಡುಗೊರೆ ಗಿಡುಗೊರೆ ತರಬೇಡ. ಹೋದ ವರ್ಷ ನೀನು ಕೊಟ್ಟ ಡೋಲಿನಿಂದ ಪಕ್ಕದ ಮನೆಯವರು ಇನ್ನೂ ನಮ್ಮ ಜೊತೆ ಮಾತಾಡ್ತಿಲ್ಲ. ಅವಳಿಗೆ ಅಂತ ನಾಲ್ಕು ಸಾಲು ಬರ್ಕೊಂಡು ಬಾ. ನಿನ್ನ ಭಾವ ಎಲ್ಲರ ಮುಂದೆ ಓದಿ ಹೇಳ್ತಾರೆ. ಆರು ಗಂಟೆಗೆ ಸರಿಯಾಗಿ. ಏಳಕ್ಕೆಲ್ಲ ಅವಳಿಗೆ ನಿದ್ದೆ."

ನಾಲ್ಕು ಸಾಲು ತಾನೇ! ಉತ್ತರಪ್ಪ ಇದ್ದದ್ದೇ ಬಸ್ ಕಂಪನಿಯ ದೂರು ವಿಭಾಗದಲ್ಲಿ. ಹನ್ನೊಂದು ವರ್ಷದಿಂದ ಜನರ ಸಿಟ್ಟಿನ ಪತ್ರಗಳಿಗೆಲ್ಲ ಉತ್ತರ ಬರೆದು ಬರೆದು ಆ ಹೆಸರೇ ಅಂಟಿಕೊಂಡಿತ್ತು. ಆಫೀಸಿಗೆ ಬಂದವನೇ ಕಾಗದ ಎಳೆದುಕೊಂಡು ಸರಸರನೆ ಬರೆದ: "ತಮಗೆ ಎರಡು ವರ್ಷ ತುಂಬಿರುವ ವಿಷಯ ನಮ್ಮ ಗಮನಕ್ಕೆ ಬಂದಿದೆ. ಈ ಸಂಬಂಧ ನಾನು ತಮ್ಮನ್ನು ಹೃತ್ಪೂರ್ವಕವಾಗಿ ಅಭಿನಂದಿಸುತ್ತಾ, ಹಿಂದೆ ನನ್ನ ಸೀನಿನಿಂದ ತಮಗೆ ಉಂಟಾದ ತೊಂದರೆಗೆ ವಿಷಾದಿಸುತ್ತೇನೆ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಟೈಪಿಸ್ಟಮ್ಮ. ಮೂರು ಮಕ್ಕಳನ್ನು, ಐದು ಮೊಮ್ಮಕ್ಕಳನ್ನು ಸಾಕಿದ ಹೆಂಗಸು. ಪರರ ಕಾಗದದಲ್ಲಿ ಕಣ್ಣಾಡಿಸುವುದು ತಮ್ಮ ಕೆಲಸದ ಭಾಗವೆಂದೇ ನಂಬಿದವರು.

"ಇದೇನು ಮಗುಗೆ ಬರೆದಿದ್ದೋ, ವಕೀಲರಿಗೋ?"

"ಮಗುಗೇ. ಯಾಕೆ, ಚೆನ್ನಾಗಿಲ್ವಾ?"

"ಅಯ್ಯೋ ನಿನ್ನ! ಎರಡು ವರ್ಷದ ಕೂಸು ಕೂತು ಕೇಳೋದು ಹೆಚ್ಚೆಂದ್ರೆ ಒಂದು ನಿಮಿಷ. ಎಂಟು ಸಾಲು ಸಾಕು. ಒಂದೊಂದು ಸಾಲಲ್ಲಿ ನಾಲ್ಕೈದು ಮಾತು. ಅದಕ್ಕೆ ಗೊತ್ತಿರೋ ಪದಾನೇ ಇರಬೇಕು. ಅದರ ಹೆಸರು ಮತ್ತೆ ಮತ್ತೆ ಬರಬೇಕು. ನಡುವೆ ಒಂದೊಂದು ಶಬ್ದ, ಡುಬುಕ್, ಉಫ್, ಅಂತ. ಒಂದೆರಡು ಕಡೆ ಕೈ ಕಾಲಿಗೆ ಕೆಲಸ ಕೊಡು. ಮೊದಲು ನಿನ್ನ ಅಕ್ಕನಿಗೆ ಫೋನ್ ಮಾಡಿ ಅವಳಿಗೆ ಏನೇನು ಗೊತ್ತು ಅಂತ ಕೇಳು."

ಉತ್ತರಪ್ಪ ಫೋನ್ ಮಾಡಿದ. ಚಿನ್ನುವಿನ ಸದ್ಯದ ಜೀವನದಲ್ಲಿ ಮುಖ್ಯವಾದವು ಎರಡು: ಅಪ್ಪನ ಚಪ್ಪಲಿ ಮತ್ತು ಬಚ್ಚಲಿನ ಬಕೆಟ್. ಒಂದನ್ನು ಇನ್ನೊಂದರಲ್ಲಿ ಹಾಕುವುದು ಅವಳ ದಿನಚರಿ. ಮೂಗು ಎಲ್ಲಿ ಅಂದರೆ ತೋರಿಸುತ್ತಾಳೆ. ಒಂದು, ಎರಡು ಬರುತ್ತದೆ. ಮೂರಕ್ಕೆ ಇನ್ನೂ ಕಾಲವಿದೆ.

ಇಷ್ಟು ಸಾಮಗ್ರಿ ಸಿಕ್ಕಿದ ಮೇಲೆ ಬರೆಯುವುದು ಸುಲಭ ಅಂದುಕೊಂಡ. ಅಷ್ಟರಲ್ಲಿ ಸಾಹೇಬರು ಬಂದರು. ಅವರಿಗೆ ಎಲ್ಲ ಬರಹದಲ್ಲೂ ಒಂದು ಸಂದೇಶ ಇರಲೇಬೇಕು.

"ಏನ್ರೀ ಇದು, ಚಪ್ಪಲಿ, ಬಕೆಟ್ಟು! ಶಿಸ್ತು, ಸಮಯಪಾಲನೆ, ದೇಶದ ಭವಿಷ್ಯ, ಇದೆಲ್ಲ ಎಲ್ಲಿ? ಹಾಕಿ, ಹಾಕಿ."

ಊಟದ ಹೊತ್ತಿಗೆ ಕಾಗದದಲ್ಲಿ ದೇಶದ ಭವಿಷ್ಯವೂ ಬಕೆಟ್ಟೂ ಒಂದರ ಮೇಲೊಂದು ಕೂತಿದ್ದವು. ಉತ್ತರಪ್ಪನ ತಲೆ ಚಿಟ್ಟು ಹಿಡಿಯಿತು. ಪಂಚಾಯಿತಿ ತೀರಿಸಿದವರೂ ಟೈಪಿಸ್ಟಮ್ಮನೇ.

"ಸಾಹೇಬ್ರೆ, ನಿಮ್ಮ ಮಾತು ಕಾಗದದ ಹಿಂಬದಿಗೆ ಇರಲಿ. ಹುಡುಗಿ ದೊಡ್ಡವಳಾದ ಮೇಲೆ ತಾನೇ ಓದ್ಕೊಳ್ಳೋಕೆ. ಮುಂದಿನ ಬದಿ ಇವತ್ತಿನ ಕಿವಿಗೆ."

ತಮ್ಮ ಮಾತು ಇಪ್ಪತ್ತು ವರ್ಷ ಉಳಿಯುತ್ತದೆಂದು ಸಾಹೇಬರಿಗೆ ಖುಷಿಯಾಯಿತು. ಟೈಪಿಸ್ಟಮ್ಮ ಉತ್ತರಪ್ಪನ ಕಡೆ ತಿರುಗಿದರು.

"ಇನ್ನೊಂದು. ಈ 'ನಾನು' ತೆಗಿ. ಓದೋದು ನಿನ್ನ ಭಾವ. ಅವರ ಬಾಯಲ್ಲಿ 'ನಾನು' ಅಂತ ಬಂದ್ರೆ ಕೂಸು ಅಪ್ಪಾನೇ ಅನ್ಕೊಳ್ಳುತ್ತೆ. 'ಮಾಮ' ಅಂತ ಬರಿ. ಓದೋರಿಗೆ ಹೇಳೋ ಮಾತನ್ನ ಪಕ್ಕದಲ್ಲಿ ಕೆಂಪಿನಲ್ಲಿ ಬರಿ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಮೂಗು ಮುಟ್ಟಬೇಕು ಅಂತ."

ಉತ್ತರಪ್ಪ ಇಂಕ್ ಪೆನ್ನಿನಲ್ಲಿ, ಗೋಡೆಬರಹದಷ್ಟು ದಪ್ಪ ಅಕ್ಷರದಲ್ಲಿ ಬರೆದ:

ಚಿನ್ನು! ಚಿನ್ನು! ಯಾರು ಚಿನ್ನು?
ಚಿನ್ನುಗೆ ಒಂದು... ಎರಡು ವರ್ಷ!
ಅಪ್ಪನ ಚಪ್ಪಲಿ ಎಲ್ಲಿ? ಬಕೆಟ್ಟಲ್ಲಿ! ಡುಬುಕ್!
ಮಾಮ ನೋಡಿದ. ಮಾಮ ನಕ್ಕ. ಹ ಹ ಹಾ!
ಚಿನ್ನು ಮೂಗು ಎಲ್ಲಿ? ಇಲ್ಲಿ!
ಮಾಮನ ಮೂಗು ಎಲ್ಲಿ? ಇಲ್ಲಿ!
ದೀಪಕ್ಕೆ ಏನು ಮಾಡೋಣ? ಉಫ್!
ಚಿನ್ನುಗೆ ಮಾಮನ ಮುತ್ತು. ಪಚ್!

ಪಕ್ಕದಲ್ಲಿ ಕೆಂಪು ಸೂಚನೆ: "ಇಲ್ಲಿ ಎರಡು ಎಣಿಸುವಷ್ಟು ಹೊತ್ತು ನಿಲ್ಲಿಸಿ." "ಇಲ್ಲಿ ಮೂಗು ಮುಟ್ಟಿಸಿ." ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಎರಡು ಗೆರೆ ಎಳೆದ: "'ಮಾಮ' ಎಂದಾಗಲೆಲ್ಲ ಮಾಮನ ಕಡೆ ಬೆರಳು ತೋರಿಸಿ." ಅದರಲ್ಲೇ ಅವನ ಪ್ರಾಣ ಇತ್ತು. ನಾಲ್ಕು ಸಲ ಬೆರಳು ತೋರಿಸಿದರೆ ಐದನೆಯ ಸಲ ಅವಳೇ ಕರೆಯುತ್ತಾಳೆ. ಮಗುವಿನ ಕಣ್ಣಿಗೆ ಏನಾದರೂ ಬೇಕೆಂದು ಮೇಲುಗಡೆ ದುಂಡು ಮುಖ ಬರೆದು ಮೀಸೆ ಇಟ್ಟ. ನಿಜವಾದ ಮುಖಕ್ಕಿಂತ ಅದೇ ಚೆನ್ನಾಗಿತ್ತು.

ಗಟ್ಟಿಯಾಗಿ ಓದಿ ನೋಡದೆ ಕಳಿಸಬಾರದೆಂದು ಟೈಪಿಸ್ಟಮ್ಮನ ಕಟ್ಟಪ್ಪಣೆ. ಓದಿದ. ನಲವತ್ತು ಸೆಕೆಂಡ್. "ಮೂಗು ಎಲ್ಲಿ?" ಎಂಬಲ್ಲಿಗೆ ಬಂದಾಗ ಸಾಹೇಬರು ತಮಗರಿವಿಲ್ಲದೆ ಮೂಗು ಮುಟ್ಟಿಕೊಂಡರು. ಇಡೀ ವಿಭಾಗ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಆ ನಗುವೇ ಮುಳುವಾಯಿತು. ಮುಖ ಕೆಂಪಾದ ಸಾಹೇಬರು ನಲವತ್ತು ಹಳೇ ದೂರುಗಳ ಕಟ್ಟೊಂದನ್ನು ತಂದು ಉತ್ತರಪ್ಪನ ಮೇಜಿನ ಮೇಲೆ ಧೊಪ್ಪೆಂದು ಹಾಕಿದರು.

"ಇದು ಮುಗಿಸಿ ಹೋಗಿ. ಸಮಯಪಾಲನೆ ಇರಲಿ."

ಗಂಟೆ ಐದು. ಉತ್ತರಪ್ಪ ಕೈಕೈ ಹಿಸುಕಿಕೊಂಡ. ಟೈಪಿಸ್ಟಮ್ಮನ ಮನೆ ಅಕ್ಕನ ಬೀದಿಯಲ್ಲೇ.

"ಕೊಡಪ್ಪ, ನಾನು ತಲುಪಿಸ್ತೀನಿ. ಓದೋ ಹೊತ್ತಿಗೆ ನೀನೂ ಬಂದುಬಿಡು."

ಅವನು ಅಷ್ಟು ವೇಗವಾಗಿ ವಿಷಾದಿಸಿದ್ದು ಜೀವಮಾನದಲ್ಲೇ ಇಲ್ಲ. ಆದರೂ ಕೊನೆಯ ಪ್ರಯಾಣಿಕನಿಗೆ ವಿಷಾದಿಸಿ ಓಡುತ್ತಾ ಅಕ್ಕನ ಮೆಟ್ಟಿಲು ತಲುಪಿದಾಗ ಆರೂಮುಕ್ಕಾಲು.

ಬಾಗಿಲಾಚೆಯಿಂದ ಅಳು ಕೇಳಿಸಿತು. ಅಳುವಿನ ನಡುವೆ ಮಾತು.

"ಮಾಮ ಬೇಕು! ಮಾಮ ಬೇಕೂ!"

ಉತ್ತರಪ್ಪ ಮೆಟ್ಟಿಲ ಮೇಲೇ ನಿಂತ. ಕಣ್ಣು ತುಂಬಿ ಬಂತು. ಎಂಟೇ ಸಾಲು! ಹನ್ನೊಂದು ವರ್ಷ ಬರೆದದ್ದಕ್ಕೆ ಇವತ್ತು ಸಾರ್ಥಕ! ಬಾಗಿಲು ತಳ್ಳಿ, ಎರಡೂ ತೋಳು ಚಾಚಿ ಒಳನುಗ್ಗಿದ.

"ಬಂದೆ ಪುಟ್ಟಾ, ಮಾಮ ಬಂದ!"

ಚಿನ್ನು ಅವನನ್ನು ನೋಡಿದಳು. ಮೀಸೆ ನೋಡಿದಳು. ಮೊದಲಿದ್ದ ಅಳುವಿನ ಮೇಲೆ ಇನ್ನೊಂದು ಅಳು ಸೇರಿಸಿ, ಅಮ್ಮನ ಕಾಲಿನ ಹಿಂದೆ ಅಡಗಿ, "ಇದು ಅಲ್ಲಾ!" ಎಂದು ಕಿರುಚಿದಳು.

"ಏನಾಯ್ತು ಅಕ್ಕ? ಮಾಮ ಬೇಕು ಅಂತಿದ್ಲಲ್ಲ?"

"ಹೂಂ ಕಣೋ, ಮಾಮಾನೇ ಬೇಕು. ಅಲ್ಲಿದ್ದಾನೆ ನೋಡು."

ಅಕ್ಕ ತೋರಿಸಿದ ಕಡೆ ನೀರು ತುಂಬಿದ ಬಕೆಟ್ ಇತ್ತು. ಅದರಲ್ಲಿ ಭಾವನ ಒಂದು ಚಪ್ಪಲಿ, ಪಕ್ಕದಲ್ಲಿ ಒಂದು ಒದ್ದೆ ಕಾಗದ ತೇಲುತ್ತಿದ್ದವು. ನೀರು ತಿಳಿ ನೀಲಿಯಾಗಿತ್ತು.

ಭಾವ ಗಂಟಲು ಸರಿಮಾಡಿಕೊಂಡರು. ಅವರು ರೈಲು ನಿಲ್ದಾಣದ ಘೋಷಕರು. ಯಾವುದನ್ನೇ ಕೊಟ್ಟರೂ ಮೊದಲಿನಿಂದ ಕೊನೆಯವರೆಗೆ, ಒಂದಕ್ಷರ ಬಿಡದೆ ಓದುವುದು ಅವರ ವೃತ್ತಿಧರ್ಮ.

"ನೀನು ಬರೆದ ಹಾಗೇ ಓದಿದೆ ಕಣಯ್ಯ. 'ಇಲ್ಲಿ ಎರಡು ಎಣಿಸುವಷ್ಟು ಹೊತ್ತು ನಿಲ್ಲಿಸಿ' ಅನ್ನೋದನ್ನೂ ಓದಿದೆ. ಬಂದಿದ್ದೋರೆಲ್ಲ ನಿಂತ್ಕೊಂಡ್ರು. ಮಗುಗೆ ಅದು ಬಹಳ ಹಿಡಿಸ್ತು."

"ಮತ್ತೆ ಬೆರಳು? 'ಮಾಮನ ಕಡೆ ಬೆರಳು ತೋರಿಸಿ' ಅಂತ ಗೆರೆ ಎಳೆದಿದ್ನಲ್ಲ ಭಾವ!"

"ತೋರಿಸದೆ ಬಿಡ್ತೀನಾ? ಎಲ್ಲಾ ಸಲ ತೋರಿಸಿದೆ. ಆದ್ರೆ ನೀನು ಎಲ್ಲಿದ್ದೆ? ಕಾಗದದ ಮೇಲೆ ಮೀಸೆ ಇತ್ತು. ಅಲ್ಲಿಗೇ ತೋರಿಸಿದೆ."

ಉತ್ತರಪ್ಪ ಕುರ್ಚಿಯ ಮೇಲೆ ಕುಸಿದು ಕೂತ. ಅಕ್ಕ ಉಳಿದದ್ದು ಹೇಳಿದಳು. ಮಗು "ಮತ್ತೆ" ಅಂದಿತಂತೆ. ಹದಿನಾಲ್ಕು ಸಲ ಓದಿದ್ದಾಯಿತಂತೆ. ಕಾಗದವನ್ನು ತಬ್ಬಿಕೊಂಡು "ಮಾಮ" ಅಂದಳಂತೆ, ಅದರ ಮೀಸೆಗೆ ಮುತ್ತು ಕೊಟ್ಟಳಂತೆ. ಆಮೇಲೆ ಮೂರನೇ ಸಾಲಿನಲ್ಲಿ ಹೇಳಿದ್ದನ್ನು ಮಾಡಿ ನೋಡುವ ಮನಸ್ಸಾಗಿ, ಚಪ್ಪಲಿಯ ಹಿಂದೆಯೇ ಮಾಮನನ್ನೂ ಡುಬುಕ್ ಅನ್ನಿಸಿದಳಂತೆ.

"ಈಗ ಮಾಮ ಇಲ್ಲದೆ ಮಲಗಲ್ಲ ಅಂತಿದಾಳೆ. ಬೇಗ ಬರೆಯೋ ಇನ್ನೊಂದು," ಎಂದು ಅಕ್ಕ ಕಾಗದ, ಪೆನ್ನು ಅವನ ಕೈಗೆ ತುರುಕಿದಳು. "ಹೊರಗೆ ಮೆಟ್ಟಿಲ ಮೇಲೆ ಕೂತ್ಕೊಂಡು ಬರಿ. ನಿನ್ನ ನೋಡಿದ್ರೆ ಇನ್ನೂ ಅಳ್ತಾಳೆ."

ಉತ್ತರಪ್ಪ ಮೆಟ್ಟಿಲ ಮೇಲೆ ಕೂತು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು, ಎಂಟು ಸಾಲನ್ನೂ ಮತ್ತೆ ಬರೆದ. ಈ ಸಲ ಮುಖ ಬರೆಯುವಾಗ ಹೊಟ್ಟೆಕಿಚ್ಚಿಗೆ ಮೀಸೆ ಸ್ವಲ್ಪ ಸೊಟ್ಟಗೆ ಇಟ್ಟ. ಕದದ ಸಂದಿಯಿಂದ ಕಾಗದ ಒಳಗೆ ಹೋಯಿತು.

ಅಳು ಥಟ್ಟನೆ ನಿಂತಿತು. ಭಾವನ ಗಂಭೀರ ಘೋಷಣೆ ಕೇಳಿಸಿತು. "ಹ ಹ ಹಾ" ಎಂಬಲ್ಲಿ ಎಳೆಯ ನಗು. ಕೊನೆಗೆ ಪಚ್ ಎಂಬ ಶಬ್ದ. ಉತ್ತರಪ್ಪ ತಡೆಯಲಾರದೆ ಕದವನ್ನು ಒಂದು ಅಂಗುಲ ಸರಿಸಿ ಇಣುಕಿದ.

ಚಿನ್ನು ಅಪ್ಪನ ತೊಡೆಯ ಮೇಲೆ, ಮಾಮನನ್ನು ಎದೆಗವಚಿಕೊಂಡು ಕೂತಿದ್ದಳು. ಸಂದಿಯಲ್ಲಿ ಕಂಡ ಮೀಸೆಯ ಕಡೆ ನೋಡಿದಳು. ಕಿರುಚಲಿಲ್ಲ. ಮಗು ಯೋಚಿಸಿತು, ಕಾಗದವನ್ನು ಎಡಗೈಗೆ ಬದಲಾಯಿಸಿಕೊಂಡಿತು, ಬಲಗೈ ಎತ್ತಿತು. ಹುಟ್ಟಿದಂದಿನಿಂದ ಮೊದಲ ಸಲ ಅವನಿಗೆ ಅಂತಲೇ ಒಂದು ಮಾತು ಹೇಳಿತು.

"ಟಾಟಾ!"

"ಹೇಳಿದ್ದು ಕೇಳಿಸ್ತಲ್ಲ?" ಎಂದಳು ಅಕ್ಕ ಕದ ಹಾಕುತ್ತಾ. "ನಾಳೆ ಆಫೀಸಲ್ಲಿ ಕೂತು ಇಂಥಾವು ಒಂದು ಹತ್ತು ಬರ್ಕೊಂಡು ಬಾ. ಬಕೆಟ್ ಇನ್ನೂ ಇಲ್ಲೇ ಇರುತ್ತೆ."