ಅಕ್ಕನ ಮೆಸೇಜಿನ ನಡುವೆ ಒಂದು ಚಹಾ ಕಪ್ಪು

ನಮ್ಮಕ್ಕ ಐರ್ಲೆಂಡಿಗೆ ನರ್ಸ್ ಕೆಲಸಕ್ಕೆ ಹೋಗಿ ಎರಡು ವರ್ಷವಾಯಿತು. ಅವತ್ತಿನಿಂದ ಶಹಾಪುರದ ನಮ್ಮ ಮನೆಯಲ್ಲಿ ಅವಳ ಒಂದು ಮೆಸೇಜು ಬಂದರೆ ಅದರ ಹಿಂದೆಯೇ ವಿಚಾರಣೆ, ಸಾಕ್ಷಿ, ತೀರ್ಪು ಎಲ್ಲ ನಡೆಯುತ್ತವೆ. ನಾನು ಹೆಚ್ಚು ಮಾತಾಡುವವಳಲ್ಲ, ಕೂತು ನೋಡುವವಳು. ಹಾಗಾಗಿ ಒಂದೂ ತಪ್ಪಿಸಿಕೊಂಡಿಲ್ಲ. ಈಗ ಹೇಳುವುದು ಅಪ್ಪ-ಅವ್ವನ ಮದುವೆಯ ದಿನಕ್ಕೆ ಅವಳು ಕಳಿಸಿದ ಮೆಸೇಜಿನ ಸಂಗತಿ.

೧. ತಾರೀಖು ಯಾವುದು?

ಹೋದ ವರ್ಷ ಅಕ್ಕ ಲಗ್ನಪತ್ರಿಕೆಯಲ್ಲಿದ್ದ ಇಂಗ್ಲಿಷ್ ತಾರೀಖು ನೋಡಿ, ಇಂಗ್ಲಿಷಿನಲ್ಲೇ ನಾಲ್ಕು ಸಾಲು ಬರೆದು ಕಳಿಸಿದ್ದಳು. ಅವ್ವ ಅದನ್ನು ನನ್ನಿಂದ ಓದಿಸಿಕೊಂಡು, ಅರ್ಥ ಹೇಳಿಸಿಕೊಂಡು, ಕೊನೆಗೆ ಅಂದದ್ದು ಇಷ್ಟೇ: ಮದುವೆ ಆದದ್ದು ಬಸವ ಜಯಂತಿ ದಿನ, ಬಸವ ಜಯಂತಿ ಮುಗಿದು ವಾರದ ಮೇಲಾಯಿತು, ಈಗ ಏನು ಶುಭಾಶಯ?

ಅಪ್ಪ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟವರು. ಸುಟ್ಟ ಪಂಪ್‌ಸೆಟ್ಟಿಗೆ ಎಷ್ಟು ಸುತ್ತು ತಂತಿ ಅನ್ನುವುದು ಅವರಿಗೆ ಬಾಯಲ್ಲೇ ಇರುತ್ತದೆ. ಮದುವೆಯ ತಾರೀಖು ಮಾತ್ರ ಇರುವುದಿಲ್ಲ. ಅಕ್ಕ ಫೋನಿನಲ್ಲಿ ಅವರನ್ನು ಕೇಳಿದಳು, ನೀವೇ ಹೇಳ್ರಿ, ಪತ್ರಿಕೆದು ಖರೇನೋ, ಪಂಚಾಂಗದ್ದು ಖರೇನೋ?

ಅಪ್ಪ ಕೈಬೆರಳು ಎಣಿಸಿ ನೋಡಿದರು. "ಅಷ್ಟ್ ನೆನಪಿಲ್ಲವ್ವಾ," ಅಂದರು. "ಬಿಸಲು ಭಾಳ ಇತ್ತು."

೨. ರಜೆ ಚೀಟಿ

ಈ ವರ್ಷ ಅಕ್ಕ ಹಟ ತೊಟ್ಟಳು. ಬಸವ ಜಯಂತಿಗೇ ಕಳಿಸಬೇಕು, ಕನ್ನಡದಲ್ಲೇ ಬರೆಯಬೇಕು, ಅವ್ವ ಯಾರ ಹಂಗೂ ಇಲ್ಲದೆ ತಾನೇ ಓದಬೇಕು. ಅವ್ವ ಏಳನೇ ಇಯತ್ತೆವರೆಗೆ ಕಲಿತವಳು, ಕನ್ನಡ ನಿಧಾನಕ್ಕೆ, ಆದರೆ ತಪ್ಪಿಲ್ಲದೆ ಓದುತ್ತಾಳೆ. ತೊಡಕು ಇದ್ದದ್ದು ನಮ್ಮಿಬ್ಬರದು. ನಾವು ಅಕ್ಕತಂಗಿ ಇಂಗ್ಲಿಷ್ ಮೀಡಿಯಮ್ಮು. ಮನೆಯಲ್ಲಿ ಆಡುವ ಭಾಷೆ ಕನ್ನಡ, ಬರೆಯಲು ಪೆನ್ನು ಹಿಡಿದರೆ ಇಂಗ್ಲಿಷು. ಕನ್ನಡ ಬರೆದದ್ದು ಪರೀಕ್ಷೆಯಲ್ಲಿ ಮಾತ್ರ, ಅದೂ ಬಾಯಿಪಾಠ ಮಾಡಿ.

ಅಕ್ಕ ಫೋನಿಗೆ ಕನ್ನಡ ಕೀಬೋರ್ಡ್ ಹಾಕಿಕೊಂಡಳು. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತದಲ್ಲ, ಅದು. ಎರಡು ದಿನ ಕುಟ್ಟಿ ನನಗೆ ಮೊದಲ ಪ್ರತಿ ಕಳಿಸಿದಳು. ಶುರುವಿನಲ್ಲಿ "ತೀರ್ಥರೂಪು ತಂದೆಯವರಿಗೆ ಹಾಗೂ ಮಾತೃಶ್ರೀಯವರಿಗೆ ಸಾಷ್ಟಾಂಗ ಪ್ರಣಾಮಗಳು. ನಾನು ಕ್ಷೇಮ" ಎಂದಿತ್ತು. ಕೊನೆಯಲ್ಲಿ "ಇಂತಿ ತಮ್ಮ ವಿಧೇಯ ಮಗಳು", ಅದರ ಕೆಳಗೆ ಸ್ಥಳ, ದಿನಾಂಕ. ನಡುವೆ ಹತ್ತೊಂಬತ್ತು ಇಮೋಜಿ.

ನಾನು ಓದಿ, ಮೆಲ್ಲಗೆ ತಿಳಿಸಿದೆ: ಎಲ್ಲ ಸರಿ ಇದೆ, ಮೂರು ದಿನದ ರಜೆ ಕೇಳುವುದೊಂದು ಬಿಟ್ಟುಹೋಗಿದೆ.

೩. ಕೆಂಪು ಹೃದಯದ ಚರ್ಚೆ

ಆಡಿದಂತೆ ಬರೆ ಅಂದೆ. ಆಮೇಲೆ ಬಂದದ್ದು ನಿಜವಾಗಿ ಅಕ್ಕನ ಮಾತು. ಇಮೋಜಿ ಮಾತ್ರ ಇನ್ನೂ ಹತ್ತೊಂಬತ್ತೇ ಇದ್ದವು, ಅವುಗಳ ಮೇಲೆ ಚರ್ಚೆ ನಡೆಯಿತು. ಕೇಕು ತೆಗೆದೆವು, ನಮ್ಮ ಮನೆಯಲ್ಲಿ ಅವತ್ತು ಹೋಳಿಗೆ. ಮುತ್ತು ಕೊಡುವ ಮುಖ ಅಕ್ಕನೇ ತೆಗೆದಳು, ಅಪ್ಪ-ಅವ್ವ ಇರುವ ಮೆಸೇಜ್ ಗ್ರೂಪಿನಲ್ಲಿ ಗುರುಮಠಕಲ್ಲಿನ ಅತ್ತೆಯೂ ಇದ್ದಾಳೆಂದು. ಹೃದಯದ ವಿಷಯಕ್ಕೆ ಇಬ್ಬರೂ ಸಿಕ್ಕಿಬಿದ್ದೆವು. ಅವ್ವನಿಗೆ ಕೆಂಪು ಸರಿ, ಅಪ್ಪನಿಗೆ ಕೆಂಪು ಹೃದಯ ಕಳಿಸಿದರೆ ಅವರು ಮುಜುಗರವಿಲ್ಲದೆ ನಮ್ಮೆದುರು ಕೂತು ಊಟ ಮಾಡುವುದು ಹೇಗೆ? ಕೊನೆಗೆ ಇಬ್ಬರಿಗೂ ಸೇರಿ ಒಂದೇ ಹೃದಯ ಎಂದು ತೀರ್ಮಾನವಾಯಿತು.

ನಾನು ಒತ್ತಕ್ಷರ ತಿದ್ದಿ ಅಕ್ಕನಿಗೆ ವಾಪಸ್ ಕಳಿಸಿದೆ. ಮೆಸೇಜು ಹೀಗಿತ್ತು:

"ಅಪ್ಪಾ, ಅವ್ವಾ, ಮದುವೆ ದಿನದ ಶುಭಾಶಯಗಳು 💐 ನಿಮ್ಮಿಬ್ಬರ ಜಗಳ ಕೇಳದ ಇಲ್ಲಿ ನನಗ ನಿದ್ದಿ ಹತ್ತೂದಿಲ್ಲ 😂 ಅಪ್ಪಾ, ನೀವು ಗ್ರೀಸ್ ಕೈಲೆ ಕಪ್ಪು ಹಿಡದರ ಅವ್ವ ಬೈತಿದ್ದಳು. ಅವ್ವಾ, ನೀ ಬೈಕೋತನ ಯಾರೂ ನೋಡದಂಗ ಅಪ್ಪನ ಚಾದಾಗ ಒಂದು ಚಮಚ ಸಕ್ರಿ ಹಾಕತಿದ್ದಿ. ನಾ ನೋಡೀನಿ ☕ ಅದಕ್ಕ ಏನಂತಾರ ಅನ್ನೂದು ನನಗ ಇಲ್ಲಿ ಒಬ್ಬಾಕಿನ ಚಾ ಕುಡಿಯೋವಾಗ ತಿಳೀತು 🥹 ಹಿಂಗ ಜಗಳಾಡಕೋತ ನೂರು ವರ್ಷ ಇರ್ರಿ ❤️🙏"

ಆ ಒಂದು ಹೃದಯ ಇಬ್ಬರೂ ಹಂಚಿಕೊಳ್ಳಲಿ, ಮದುವೆಯಾದದ್ದು ಅದಕ್ಕೇ ಅಲ್ಲವೇ ಅಂದಳು ಅಕ್ಕ.

೪. ಬೂದು ಬಣ್ಣದ ಬಾಣ

ಬಸವ ಜಯಂತಿ ದಿನ ಬೆಳಿಗ್ಗೆ ಆರರಿಂದಲೇ ಗ್ರೂಪಿನಲ್ಲಿ ಶುಭಾಶಯ ಶುರುವಾದವು. ಅತ್ತೆಯದು ಗುಲಾಬಿ ಹೂವಿನ ಚಿತ್ರ, ಇನ್ನೊಬ್ಬರದು ಮಿನುಗುವ ದೀಪ. ಅವ್ವ ಬ್ಲೌಸ್ ಹೊಲಿಯುತ್ತ ಕೂತಿದ್ದಳು. ಹೊಲಿಗೆ ಮಷಿನ್ನಿನ ಪಕ್ಕದಲ್ಲೇ ಫೋನು. ಅದು ಸದ್ದು ಮಾಡಿದಾಗೆಲ್ಲ ಮಷಿನ್ನು ನಿಲ್ಲುತ್ತಿತ್ತು. ಅಕ್ಕನದಲ್ಲ ಅಂತ ತಿಳಿದ ಮೇಲೆ ಮತ್ತೆ ನಡೆಯುತ್ತಿತ್ತು. ಅಲ್ಲಿ ಈಗ ನಾಲ್ಕೂವರೆ ತಾಸು ಹಿಂದೆ, ಅವಳಿನ್ನೂ ಎದ್ದಿಲ್ಲ ಅಂತ ನಾನು ಹೇಳಿದೆ. ನಾನೇನ್ ಕೇಳಿದ್ನೇನು ಅಂದಳು ಅವ್ವ.

ಹನ್ನೊಂದೂವರೆಗೆ ಬಂತು. ಅವ್ವ ಚಷ್ಮಾ ಹಾಕಿಕೊಂಡಳು. ಮೊದಲ ಸಾಲು ಓದಿದಳು. ಅದರ ಮೇಲೆ ಸಣ್ಣ ಬೂದು ಬಾಣ ಇತ್ತು, ಪಕ್ಕದಲ್ಲಿ "ಫಾರ್ವರ್ಡ್" ಎಂದು. ಚಷ್ಮಾ ತೆಗೆದಳು.

"ಫಾರ್ವರ್ಡ್," ಅಂದಳು.

ಆದದ್ದೇನೆಂದರೆ, ನಾನು ತಿದ್ದಿ ಕಳಿಸಿದ್ದನ್ನು ಅಕ್ಕ ಕಾಪಿ ಮಾಡಿ ಗ್ರೂಪಿನಲ್ಲಿ ಅಂಟಿಸಿದ್ದರೆ ಆ ಗುರುತು ಬರುತ್ತಿರಲಿಲ್ಲ. ಡ್ಯೂಟಿಗೆ ಹೊರಡುವ ಅವಸರದಲ್ಲಿ ಬಾಣ ಒತ್ತಿ ನೇರ ದಾಟಿಸಿಬಿಟ್ಟಿದ್ದಳು. ಬೇರೆಯವರಿಂದ ಬಂದ ಮೆಸೇಜು ದಾಟಿಸಿದರೆ ಫೋನು ಅದರ ತಲೆಯ ಮೇಲೆ ಬರೆದೇ ಬಿಡುತ್ತದೆ. ಮಾತು ಅಕ್ಕನದೇ ಆದರೂ, ಬಂದದ್ದು ನನ್ನ ಕಡೆಯಿಂದ ಎನ್ನುವುದಷ್ಟೇ ಅದಕ್ಕೆ ಗೊತ್ತು.

ಅವ್ವನಿಗೆ ಈ ಬಾಣದ ಪರಿಚಯ ಚೆನ್ನಾಗಿದೆ. ಅಪ್ಪ ದಿನಕ್ಕೆ ನಲವತ್ತು ದಾಟಿಸುವವರು: ಮೆಂತ್ಯದ ನೀರಿನ ಗುಣ, ಸೂರ್ಯೋದಯ, ಆನೆ ಮರಿ. ಬಾಣ ಕಂಡರೆ ಮುಂದೆ ಓದಬಾರದು ಎಂಬ ನಿಯಮ ಅವ್ವ ಸಂಸಾರ ಉಳಿಸಿಕೊಳ್ಳಲು ಮಾಡಿಕೊಂಡದ್ದು. ಇವತ್ತು ಆ ನಿಯಮ ಮಗಳ ಮೇಲೆ ಬಿತ್ತು.

"ಅಕ್ಕಾನೇ ಬರದಾಳವ್ವಾ," ಅಂದೆ ನಾನು. ನನ್ನ ದನಿ ಹೊರಗೆ ಬರುವಷ್ಟರಲ್ಲಿ ಮಷಿನ್ನು ಶುರುವಾಗಿತ್ತು. ಅಕ್ಕ ಅಲ್ಲಿಂದ ನನಗೊಬ್ಬಳಿಗೇ ಬರೆದಳು: ಮೆಸೇಜು ಒತ್ತಿಹಿಡಿದು ಮಾಹಿತಿ ನೋಡಿದೆ, ಓದಿದವರ ಪಟ್ಟಿಯಲ್ಲಿ ಅವ್ವನ ಹೆಸರು ಬಂದಿದೆ, ಏನಂದಳು? ಅತ್ತಳೇನು?

ತೋಳು ಹೊಲಿಯಾಕತ್ತಾಳ ಎಂದು ಉತ್ತರ ಕೊಟ್ಟೆ. ಸುಳ್ಳಲ್ಲ.

೫. ಖಾಲಾ ಓದಿದ್ದು

ಮಧ್ಯಾಹ್ನ ಪಕ್ಕದ ಮನೆಯ ಖಾಲಾ ಬ್ಲೌಸ್ ಒಯ್ಯಲು ಬಂದರು. ಮನೆಯಲ್ಲಿ ದಖ್ಖನಿ ಉರ್ದು ಆಡುವವರು, ನಮ್ಮ ಜತೆ ಕನ್ನಡ. ಕನ್ನಡ ಅಕ್ಷರ ಮಾತ್ರ ಬರುವುದಿಲ್ಲ. ಅವ್ವ ಅವರ ಮುಂದೆ ದೂರು ಬಿಚ್ಚಿದಳು: ಹೆತ್ತ ಮಗಳು, ಎರಡು ಮಾತು ಸ್ವಂತ ಬರೆಯಲು ಆಗಲಿಲ್ಲ, ಯಾರದೋ ದಾಟಿಸ್ಯಾಳ.

ಖಾಲಾ ಫೋನು ಕೈಗೆ ತೆಗೆದುಕೊಂಡು, ಅಕ್ಷರ ಬಿಟ್ಟು, ಚಿತ್ರಗಳ ಮೇಲೆ ಬೆರಳಿಟ್ಟು ಓದಿದರು. ಹೂವು ಕೊಟ್ಟಾಳ. ನಕ್ಕಾಳ. ಆಮೇಲೆ ಕಣ್ಣಾಗ ನೀರು ತಂದಾಳ. ದಿಲ್ ಇಟ್ಟಾಳ, ಕೈ ಮುಗದಾಳ. ಮತ್ತೆ ಹಿಂದಕ್ಕೆ ಹೋಗಿ ಒಂದು ಕಡೆ ಬೆರಳು ನಿಲ್ಲಿಸಿದರು.

"ಎಲ್ಲಾ ಬರಾಬರ್ ಅದ," ಅಂದರು. "ಇದು ನಡುವ ಚಾ ಯಾಕ ಇಟ್ಟಾಳ? ನನಗ ದಿನಾ ಇಷ್ಟು ಮೆಸೇಜ್ ಬರ್ತಾವ, ಶಾದಿ ಮುಬಾರಕದಾಗ ಚಾ ಕಪ್ಪು ಯಾರೂ ಇಡಲ್ಲ."

ಅವ್ವ ಬಗ್ಗಿ ನೋಡಿದಳು. ಹೌದು, ಚಾ ಯಾಕೆ? ಮಷಿನ್ನಿನಿಂದ ಕಾಲು ತೆಗೆದಳು, ಚಷ್ಮಾ ಮತ್ತೆ ಏರಿತು.

ಬೆಳಗಿನಿಂದ ನನ್ನ ಇಂಗ್ಲಿಷ್ ಮೀಡಿಯಮ್ಮಿನಿಂದ ಆಗದ ಕೆಲಸವನ್ನು ಅಕ್ಷರವೇ ಬಾರದ ಖಾಲಾ ಮಾಡಿ, ಬ್ಲೌಸ್ ತೆಗೆದುಕೊಂಡು ಹೋದರು.

೬. ಕಾಕಾನ ಎದುರಿಗೆ

ಅದೇ ಹೊತ್ತಿಗೆ ಸುರಪುರದಿಂದ ಕಾಕಾ ಬಂದ. ಅಪ್ಪನ ತಮ್ಮ, ಅಲ್ಲಿ ಔಷಧಿ ಅಂಗಡಿ ಇದೆ. ನಾಲ್ಕು ವರ್ಷದ ಹಿಂದೆ ಯಾದಗಿರಿಯ ಡಾಕ್ಟರು ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಹೇಳಿದಾಗಿನಿಂದ ಗುಳಿಗೆ ತಂದುಕೊಡುವುದು, ಪಥ್ಯದ ಲೆಕ್ಕ ಕೇಳುವುದು ಅವನ ಕೆಲಸ. ಪ್ರತಿ ಸಲ ಅವ್ವನ ಉತ್ತರ ಒಂದೇ: ನಾ ಇರೂತನ ಅವರ ಬಾಯಿಗೆ ಒಂದು ಕಾಳು ಸಕ್ರಿ ಹೋಗೂದಿಲ್ಲ.

ಅವ್ವ ಓದುವಾಗ ಮನಸ್ಸಿನಲ್ಲಿ ಓದುವವಳಲ್ಲ. ಶಾಲೆಯಲ್ಲಿ ಕಲಿಸಿದ ಹಾಗೆ ಗಟ್ಟಿಯಾಗಿ, ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತಾಳೆ. ಮುಂದಿನ ಮಾತು ಏನೆಂದು ಅವಳಿಗೂ ಬೆರಳು ಅಲ್ಲಿಗೆ ಹೋದಾಗಲೇ ಗೊತ್ತಾಗುವುದು. ಊಟಕ್ಕೆ ಬಂದಿದ್ದ ಅಪ್ಪ ಕಾಟಿನ ಮೇಲೆ, ಕಾಕಾ ಕುರ್ಚಿಯಲ್ಲಿ, ನಾನು ಅಡಿಗೆಮನೆಯ ಬಾಗಿಲಲ್ಲಿ.

ನಿದ್ದೆ ಹತ್ತುವುದಿಲ್ಲ ಅನ್ನುವಲ್ಲಿ ಅವಳ ದನಿ ಸಣ್ಣಗಾಯಿತು. ಗ್ರೀಸ್ ಕೈ ಬಂದಾಗ ಬೆರಳು ನಿಂತಿತು. ಇದು ಬೇರೆ ಯಾರ ಮನೆಯ ಮಾತೂ ಅಲ್ಲ ಎನ್ನುವುದು ಅವಳಿಗೆ ತಿಳಿದದ್ದು ಅಲ್ಲೇ; ಮುಖ ನೋಡಿ ನನಗೂ ತಿಳಿಯಿತು. ಸೆರಗಿನಿಂದ ಚಷ್ಮಾದ ಕೆಳಗೆ ಒರೆಸಿಕೊಂಡು ಇನ್ನೂ ಗಟ್ಟಿಯಾಗಿ ಮುಂದುವರಿದಳು: "ಅವ್ವಾ, ನೀ ಬೈಕೋತನ... ಯಾರೂ ನೋಡದಂಗ... ಅಪ್ಪನ ಚಾದಾಗ... ಒಂದು ಚಮಚ... ಸಕ್ರಿ."

ಅಪ್ಪ ಫ್ಯಾನಿನ ಮೋಟಾರು ಹಿಂದೆಂದೂ ನೋಡಿಲ್ಲದವರಂತೆ ಮೇಲೆ ನೋಡುತ್ತಿದ್ದರು.

"ವೈನಿ," ಅಂದ ಕಾಕಾ ಅವ್ವನ ಕಡೆ ತಿರುಗಿ, "ಇದೇನ್ರಿ?"

ಅವ್ವ ಮುಖದ ಗೆರೆ ಬದಲಿಸಲಿಲ್ಲ. ಫೋನು ಅವನ ಕಡೆ ತಿರುಗಿಸಿ ಬಾಣ ತೋರಿಸಿದಳು. "ಫಾರ್ವರ್ಡ್ ಐತಿ ನೋಡಪ, ಮ್ಯಾಲ ಬರದದ. ಯಾರದೋ ಮನಿ ಸುದ್ದಿ. ನಮ್ಮ ಹುಡುಗಿಗೆ ಇಷ್ಟು ಕನ್ನಡ ಎಲ್ಲಿ ಬರ್ತದ?"

ಕಾಕಾ ಬಾಣ ನೋಡಿದ, ಅಪ್ಪನನ್ನು ನೋಡಿದ, ಗುಳಿಗೆಯ ಚೀಲ ನೋಡಿದ. ಚೀಲ ಬಿಚ್ಚಿ ಗುಳಿಗೆ ಎಣಿಸತೊಡಗಿದ.

ಹೋಳಿಗೆ ಬಡಿಸಲು ಒಳಗೆ ಬಂದಾಗ ಅವ್ವ ಫೋನನ್ನು ಸೆರಗಿನಲ್ಲಿ ಮುಚ್ಚಿ ತಂದಳು. ಮೆಸೇಜು ಇನ್ನೊಂದು ಸಲ ಓದಿದಳು, ಈ ಸಲ ಬಾಯಿ ಬಿಡದೆ. ಆಮೇಲೆ ಗ್ರೂಪಿನಿಂದ ಹೊರಗೆ ಬಂದು, ಅಕ್ಕನ ಹೆಸರು ಹುಡುಕಿ, ಮೈಕಿನ ಗುರುತು ಒತ್ತಿಹಿಡಿದು ಪಿಸುಗುಟ್ಟಿದಳು:

"ಭಾಳ ಚಲೋ ಬರದಿ ನನ್ನವ್ವ. ಎರಡು ಸಲ ಓದೀನಿ. ಇನ್ನ ಮ್ಯಾಲ ಇಂಥಾವ ಗ್ರೂಪಿಗೆ ಹಾಕಬ್ಯಾಡ, ನನಗೊಬ್ಬಾಕಿಗೆ ಕಳಸು. ಅಪ್ಪಗ ಎಷ್ಟು ಓದಿ ಹೇಳಬೇಕು ಅನ್ನೂದು ನಾ ನೋಡ್ಕೋತೀನಿ."